ಇಪ್ಪತ್ನಾಲ್ಕೂವರೆ ಸಾವಿರದ ಹಿಂದೆ ಅಡಗಿದ್ದದ್ದು: ಆರಂಭಿಕ ಶಿಲ್ಕು ತಿದ್ದಿದ ನನ್ನ ಅನುಭವ

ಯಜಮಾನರಿಗೆ ನಮಸ್ಕಾರಗಳು.

ಅವೆನ್ಯೂ ರಸ್ತೆಯ ತಮ್ಮ ಕಾಗದದ ಅಂಗಡಿಯ 2024-25ನೇ ಸಾಲಿನ ಲೆಕ್ಕದಲ್ಲಿ ಆರಂಭಿಕ ಶಿಲ್ಕುಗಳು ತಪ್ಪಾಗಿ ಬಂದದ್ದನ್ನು ಹುಡುಕಿ ತಿದ್ದಿದ ಬಗೆಯನ್ನು ಬರೆದುಕೊಡಬೇಕೆಂದು ತಾವು ಕೇಳಿದ್ದಿರಿ. ತಮಗೂ ಚಿಕ್ಕ ಯಜಮಾನರಿಗೂ ಟ್ಯಾಲಿ ಹೊಸದಲ್ಲವಾದ್ದರಿಂದ ಡೆಬಿಟ್ ಎಂದರೇನು ಎಂಬಲ್ಲಿಂದ ಆರಂಭಿಸುವುದಿಲ್ಲ. ಮೊತ್ತಗಳನ್ನು ನೆನಪಿನಿಂದ, ಚಿಲ್ಲರೆ ಬಿಟ್ಟು ಬರೆದಿದ್ದೇನೆ.

ನಾನು 2025ರ ಜೂನ್‌ನಲ್ಲಿ ಕುಳಿತಾಗ ಬ್ಯಾಲೆನ್ಸ್ ಶೀಟಿನ ಎಡಬದಿಯಲ್ಲಿ Difference in opening balances ಎಂದು ಸುಮಾರು 24,500 ರೂಪಾಯಿ ಕಾಣುತ್ತಿತ್ತು. ಹಿಂದಿನ ಲೆಕ್ಕಿಗರು ಅದನ್ನು ಸಸ್ಪೆನ್ಸ್ ಖಾತೆಗೆ ಹಾಕಿ ಮುಗಿಸೋಣ ಎಂದಿದ್ದರು. ಇಷ್ಟು ಸಣ್ಣ ಮೊತ್ತಕ್ಕೆ ಹದಿನೆಂಟು ಸಾವಿರ ಸಂಬಳ ಕೊಟ್ಟು ಒಬ್ಬನನ್ನು ಕೂರಿಸುವುದು ಯಾವ ಜಾಣತನ ಎಂದು ತಾವೂ ಅಂದಿದ್ದಿರಿ. ನನಗೆ ಅನುಮಾನ ಬಂದದ್ದು ಆ ಮೊತ್ತದಿಂದಲ್ಲ, ಚಿಕ್ಕ ಯಜಮಾನರು ಹೇಳಿದ ಒಂದು ಫೋನಿನ ಮಾತಿನಿಂದ. ಬಾಕಿ 43,000 ಕಳಿಸಿ ಎಂದು ಶಿವಮೊಗ್ಗದ ಗಿರಾಕಿಯನ್ನು ಕೇಳಿದಾಗ ಅವರು, "ನಾನು ಅಡ್ವಾನ್ಸ್ ಕೊಟ್ಟ ದುಡ್ಡನ್ನೇ ನನ್ನ ಹತ್ರ ಮತ್ತೆ ಕೇಳ್ತೀರಲ್ಲಪ್ಪ" ಎಂದು ಸಿಟ್ಟಾಗಿದ್ದರಂತೆ.

ಮೊದಲ ಎರಡು ದಿನ ನಾನೂ ದಾರಿ ತಪ್ಪಿದೆ. ವ್ಯತ್ಯಾಸವನ್ನು ಅರ್ಧ ಮಾಡಿ 12,250ರ ಶಿಲ್ಕು ಯಾವ ಖಾತೆಯಲ್ಲಿದೆ ಎಂದು ಹುಡುಕಿದೆ, ಇರಲಿಲ್ಲ. ಅಂಕಿ ಹಿಂದುಮುಂದಾಗಿರಬಹುದೆಂದು ಒಂಬತ್ತರಿಂದ ಭಾಗಿಸಿ ನೋಡಿದೆ, ಭಾಗವಾಗಲಿಲ್ಲ. ಈ ಹಳೆಯ ಉಪಾಯಗಳು ತಪ್ಪು ಒಂದೇ ಇದ್ದಾಗ ಮಾತ್ರ ಫಲಿಸುತ್ತವೆ. ಆ ಸಾಲಿನಲ್ಲಿ ಕಾಣುವುದು ಎಲ್ಲ ತಪ್ಪುಗಳೂ ಒಂದನ್ನೊಂದು ಕಳೆದುಕೊಂಡ ಮೇಲೆ ಉಳಿದ ಶೇಷ. ಎರಡೂ ಬದಿಯಲ್ಲಿ ಸಮನಾಗಿ ತಪ್ಪಿದ್ದರೆ ಅಲ್ಲಿ ಏನೂ ಕಾಣಿಸುವುದೇ ಇಲ್ಲ.

ಮೂರನೆಯ ದಿನ ಆ ಸಾಲನ್ನು ನೋಡುವುದನ್ನೇ ಬಿಟ್ಟೆ. ಆಡಿಟರು ಸಹಿ ಮಾಡಿದ 2023-24ರ ಲೆಕ್ಕಕ್ಕೆ ಹೊಂದುವ ಅಂತಿಮ ಶಿಲ್ಕುಗಳನ್ನು ಹಳೆಯ ಡೇಟಾದಿಂದಲೂ, ಆರಂಭಿಕ ಶಿಲ್ಕುಗಳನ್ನು ಹೊಸ ಡೇಟಾದಿಂದಲೂ ಎಕ್ಸೆಲ್‌ಗೆ ಇಳಿಸಿದೆ. ಸುಮಾರು 340 ಖಾತೆಗಳಿದ್ದವು. ಹೆಸರಿನ ಮೇಲೆ ಜೋಡಿಸಲು ಹೋಗಿ ಅರ್ಧ ದಿನ ಹಾಳಾಯಿತು, ಏಕೆಂದರೆ ಹಳೆಯದರಲ್ಲಿ Sri ಎಂದಿದ್ದದ್ದು ಹೊಸದರಲ್ಲಿ Shree ಆಗಿತ್ತು, ಎಷ್ಟೋ ಹೆಸರುಗಳ ಕೊನೆಗೆ ಚುಕ್ಕಿ ಇತ್ತು. ಆಗ ಹೆಸರನ್ನು ಬಿಟ್ಟು ಮೊತ್ತದ ಮೇಲೆ ಜೋಡಿಸಿದೆ. ಡೆಬಿಟ್ಟಿಗೆ ಅಧಿಕ ಚಿಹ್ನೆ, ಕ್ರೆಡಿಟ್ಟಿಗೆ ಋಣ ಚಿಹ್ನೆ ಕೊಟ್ಟು, ಹಳೆಯ ಮೊತ್ತಗಳನ್ನು A ಕಾಲಮ್ಮಿನಲ್ಲೂ ಹೊಸವನ್ನು D ಕಾಲಮ್ಮಿನಲ್ಲೂ ಇಟ್ಟರೆ ಇಷ್ಟು ಸಾಕು:

```
=COUNTIF(D:D,A2)-COUNTIF(A:A,A2)
```

ಸೊನ್ನೆ ಬಂದದ್ದು ಹೊಂದಿದೆ, ಬಾರದ್ದನ್ನು ಕೈಯಾರೆ ನೋಡಬೇಕು. ಹೊಸದರಲ್ಲಿ ಮಾತ್ರ ಇರುವುದನ್ನು ಹಿಡಿಯಲು ಇದನ್ನೇ ತಿರುಗಿಸಿ D ಕಾಲಮ್ಮಿನ ಮೇಲೂ ನಡೆಸಬೇಕು. ಒಂದೇ ಮೊತ್ತದ ಎರಡು ಖಾತೆಗಳು ಅದಲುಬದಲಾಗಿದ್ದರೆ ಈ ಸೂತ್ರಕ್ಕೆ ತಿಳಿಯುವುದಿಲ್ಲ. ಅದಕ್ಕೆ ನನ್ನದೇ ಒಂದು ಉಪಾಯವಿದೆ; ಅದು ನನ್ನ ಹೊಟ್ಟೆಪಾಡಿನ ಗುಟ್ಟಾದ್ದರಿಂದ ಇಲ್ಲಿ ಬರೆಯುತ್ತಿಲ್ಲ. ಕೊನೆಗೆ ಉಳಿದದ್ದು ಎಂಟೇ ಖಾತೆ.

ಡೇಟಾ ಭಾರವಾಯಿತೆಂದು 2024ರ ಏಪ್ರಿಲ್ ಮೊದಲ ವಾರದಲ್ಲಿ ಹೊಸ ಕಂಪನಿ ತೆರೆದು, ಪಟ್ಟಿ ಮುದ್ರಿಸಿಕೊಂಡು ಶಿಲ್ಕುಗಳನ್ನು ಹಿಂದಿನ ಲೆಕ್ಕಿಗರು ಕೈಯಲ್ಲೇ ಹೊಡೆದಿದ್ದರು, ಈ ತಪ್ಪುಗಳ ಮೂಲ ಅಲ್ಲಿದೆ. ಗಿರಾಕಿಗಳ ಗುಂಪಿನ ಖಾತೆಯಲ್ಲಿ ಮೊತ್ತ ಹೊಡೆದು ಎಂಟರ್ ಒತ್ತಿದರೆ ಟ್ಯಾಲಿ ಅದನ್ನು ತಾನಾಗಿ Dr ಎಂದು ತೆಗೆದುಕೊಳ್ಳುತ್ತದೆ. ಶಿವಮೊಗ್ಗದವರ 43,000 ಮುಂಗಡ ಹೀಗೆ ಬಾಕಿಯಾಯಿತು, ಲೆಕ್ಕದಲ್ಲಿ 86,000 ಏರಿತು. ಹುಬ್ಬಳ್ಳಿಯ ಗಿರಾಕಿಯ 1,96,000 ಬಾಕಿ ಮುದ್ರಿಸಿದ ಪಟ್ಟಿಯ ಪುಟದ ಕೊನೆಯ ಸಾಲಿನಲ್ಲಿದ್ದು ಬಿಟ್ಟೇಹೋಗಿತ್ತು. ಅವರು ಜೂನ್‌ನಲ್ಲಿ 80,000 ಕಳಿಸಿದಾಗ ಹೊಸ ಖಾತೆ ತೆರೆದು ಜಮಾ ಮಾಡಿದ್ದರಿಂದ, ನಮಗೆ ಕೊಡಬೇಕಾದವರು ಮುಂಗಡ ಕೊಟ್ಟವರಂತೆ ಕಾಣುತ್ತಿದ್ದರು, ಉಳಿದ 1,16,000 ಒಂದು ವರ್ಷ ಯಾರೂ ಕೇಳಲಿಲ್ಲ.

ಬ್ಯಾಂಕಿನದು ಇವೆರಡಕ್ಕಿಂತ ನಯವಾದ ತಪ್ಪು. ಆರಂಭಿಕ ಶಿಲ್ಕು ಮಾರ್ಚ್ 31ರ ಬ್ಯಾಂಕ್ ಸ್ಟೇಟ್‌ಮೆಂಟಿಗೆ ಪೈಸೆ ಸಮೇತ ಹೊಂದುತ್ತಿತ್ತು, ನನಗೆ ಅದೇ ಅನುಮಾನ; ಸಗಟು ವ್ಯಾಪಾರಿಯ ಕೈಯಿಂದ ವರ್ಷದ ಕೊನೆಗೆ ಹೊರಟು ಇನ್ನೂ ಪಾಸಾಗದ ಚೆಕ್ ಒಂದಾದರೂ ಇರುತ್ತದೆ. ಕಾಗದದ ಮಿಲ್ಲಿನ ಏಜೆಂಟರಿಗೆ ಬರೆದ ಒಟ್ಟು 1,34,500ರ ಎರಡು ಚೆಕ್‌ಗಳು ಹಳೆಯ ವರ್ಷದ ಪುಸ್ತಕದಲ್ಲಿ ಖರ್ಚಾಗಿದ್ದವು, ಬ್ಯಾಂಕಿನಲ್ಲಿ ಪಾಸಾದದ್ದು ಏಪ್ರಿಲ್‌ನಲ್ಲಿ. ಲೆಕ್ಕಿಗರು ಪುಸ್ತಕದ ಶಿಲ್ಕು ಬಿಟ್ಟು ಸ್ಟೇಟ್‌ಮೆಂಟಿನ ಶಿಲ್ಕು ಹೊಡೆದರು. ಏಪ್ರಿಲ್ ಸ್ಟೇಟ್‌ಮೆಂಟಿನಲ್ಲಿ ಆ ಚೆಕ್‌ಗಳನ್ನು ಕಂಡು ಮತ್ತೊಮ್ಮೆ ಪಾವತಿ ಬರೆದರು. ಹೀಗಾಗಿ ಬ್ಯಾಂಕ್ ತಾನಾಗಿ ಸರಿಹೋಯಿತು, ಏಜೆಂಟರ ಖಾತೆ ಮಾತ್ರ ಎರಡು ಬಾರಿ ಕಡಿಮೆಯಾಯಿತು. ಅವರೊಡನೆ ವರ್ಷವಿಡೀ ನಡೆದ ಜಗಳಕ್ಕೆ ಕಾರಣ ಇದೇ. ಅವರ ಸ್ಟೇಟ್‌ಮೆಂಟ್ ಸರಿಯಾಗಿಯೇ ಇತ್ತು.

ಈಗ ಕೂಡಿ ಕಳೆಯಿರಿ: 86,000ಕ್ಕೆ 1,34,500 ಸೇರಿಸಿ 1,96,000 ಕಳೆದರೆ ಉಳಿಯುವುದು ಅದೇ 24,500. ಉಳಿದ ಐದು ಖಾತೆಗಳು ಆ ಸಾಲಿನಲ್ಲಿ ಕಾಣದ ತಪ್ಪುಗಳು. ಆಡಿಟರು ಸೆಪ್ಟೆಂಬರ್‌ನಲ್ಲಿ ಹಳೆಯ ಕಂಪನಿಯಲ್ಲಿ ಹಾಕಿಸಿದ 58,000 ಸವಕಳಿ (ಮೂರು ಆಸ್ತಿಗಳದ್ದು), ತಡವಾಗಿ ಬಂದ 37,000ದ ಲಾರಿ ಬಾಡಿಗೆಯ ಬಿಲ್ಲು, ಇವೆರಡೂ ಹೊಸ ಕಂಪನಿಗೆ ಬರಲೇ ಇಲ್ಲ. ಆದ್ದರಿಂದ ತಮ್ಮ ಬಂಡವಾಳ 95,000 ಹೆಚ್ಚಾಗಿ ಕಾಣುತ್ತಿತ್ತು. ಬಿಲ್ಲಿನ ಹಣ ಮೇ ತಿಂಗಳಲ್ಲಿ ಕೊಟ್ಟಾಗ ಲಾರಿಯವರ ಖಾತೆ ಮುಂಗಡ ಪಡೆದವರಂತೆ ನಿಂತಿತ್ತು.

ತಿದ್ದುವ ಮೊದಲು ಬ್ಯಾಕಪ್ ತೆಗೆದು ಬೇರೆ ಫೋಲ್ಡರಿನಲ್ಲಿಟ್ಟೆ. 2024-25ರ ಆಡಿಟ್ ಆಗಿರಲಿಲ್ಲವಾದ್ದರಿಂದ ಜರ್ನಲ್ ಹಾಕದೆ ಖಾತೆಗಳ ಆರಂಭಿಕ ಶಿಲ್ಕನ್ನೇ ಬದಲಿಸಿದೆ. ಆ ವರ್ಷಕ್ಕೂ ಸಹಿ ಬಿದ್ದಿದ್ದರೆ ಹಾಗೆ ಮುಟ್ಟಬಾರದು, ಚಾಲ್ತಿ ವರ್ಷದಲ್ಲಿ ಆಡಿಟರನ್ನು ಕೇಳಿ ಜರ್ನಲ್ ಹಾಕಬೇಕು. ಬ್ಯಾಂಕಿನ ಆರಂಭಿಕ ಶಿಲ್ಕು ಇಳಿಸಿ, ಏಪ್ರಿಲ್‌ನ ಆ ಎರಡು ಪಾವತಿಗಳನ್ನು ಅಳಿಸಿದೆ. ಎರಡನೆಯ ಚೆಕ್ ಪಾಸಾದ ದಿನದಿಂದಾಚೆಗೆ ಬ್ಯಾಂಕ್ ಶಿಲ್ಕು ಒಂದು ಪೈಸೆಯೂ ಕದಲಲಿಲ್ಲ, ತಿದ್ದಿದ್ದು ಸರಿ ಎಂಬುದಕ್ಕೆ ಅದೇ ಸಾಕ್ಷಿ. ಆಸ್ತಿಗಳ ಆರಂಭಿಕ ಮೌಲ್ಯ ಇಳಿದದ್ದರಿಂದ ಹೊಸ ವರ್ಷದ ಸವಕಳಿಯನ್ನೂ ಮತ್ತೆ ಲೆಕ್ಕ ಹಾಕಿದೆ. ಎಂಟನೆಯ ಖಾತೆ ಉಳಿಸಿದಾಗ Difference ಸಾಲು ತಾನಾಗಿ ಮಾಯವಾಯಿತು. ಸಸ್ಪೆನ್ಸ್ ಎಂದವರಿಗೆ ಅದನ್ನು ಕರೆದು ತೋರಿಸಿದೆನೆಂದು ಒಪ್ಪಿಕೊಳ್ಳುತ್ತೇನೆ.

ಇನ್ನು ಮುಂದೆ ಏಪ್ರಿಲ್‌ನಲ್ಲಿ ಹೊಸ ಕಂಪನಿ ತೆರೆಯುವುದು ಬೇಡ. ಅದೇ ಕಂಪನಿಯಲ್ಲಿ Alt+F2 ಒತ್ತಿ ಅವಧಿ ಬದಲಿಸಿದರೆ ಶಿಲ್ಕುಗಳು ತಾವಾಗಿ ಮುಂದಕ್ಕೆ ಬರುತ್ತವೆ, ಆಡಿಟರು ನಂತರ ಹಾಕುವ ಬರವಣಿಗೆಗಳೂ ಹಿಂದೆಯೇ ಬರುತ್ತವೆ. ಇದಕ್ಕೂ ಒಂದು ಅಪಾಯವಿದೆ: ಸಹಿಯಾದ ವರ್ಷದಲ್ಲಿ ಯಾರಾದರೂ ತಪ್ಪಿ ಒಂದು ವೋಚರ್ ಹಾಕಿದರೂ ಈ ವರ್ಷದ ಆರಂಭ ಬದಲಾಗುತ್ತದೆ. ಆದ್ದರಿಂದ ಸಹಿಯಾದ ದಿನದ ಶಿಲ್ಕುಗಳ ಪಟ್ಟಿಯನ್ನು ಮುದ್ರಿಸಿ ಕಪಾಟಿನಲ್ಲಿಟ್ಟಿದ್ದೇನೆ.

ಹುಬ್ಬಳ್ಳಿಯವರಿಗೆ ಖಾತೆಯ ಪ್ರತಿ ಕಳಿಸಿದ ಮೇಲೆ 1,16,000 ಎರಡು ಕಂತಿನಲ್ಲಿ ಬಂದಿದೆ. ಶಿವಮೊಗ್ಗದವರ 43,000ಕ್ಕೆ ಸರಕು ಕಳಿಸುವುದೋ ಹಣ ಹಿಂತಿರುಗಿಸುವುದೋ ತಾವೇ ತೀರ್ಮಾನಿಸಬೇಕು. ಚಿಕ್ಕ ಯಜಮಾನರು ಅದಕ್ಕೂ ಮೊದಲು ಅವರಿಗೊಂದು ಫೋನ್ ಮಾಡುವುದು ಒಳ್ಳೆಯದು.