ರ‍್ಯಾಪ್ಲಿಂಗ್ ಮಾಡೋ ಹುಡುಗಿ ಕೂದಲ ಸಿಕ್ಕೊಂಡ್ರ ಏನ್ ಮಾಡೋದು: ನಮ್ಮ ಕ್ಯಾಂಪ್ ಪ್ಲಾನ್ ಬರದಿದ್ದು ಹಿಂಗ

ಗದಗ ಕಡೆ ಸಾಲಿ ಹುಡುಗ್ರಿಗೆ ಕ್ಯಾಂಪ್ ಮಾಡಸ್ತೀನ್ರಿ, ಕಪ್ಪತಗುಡ್ಡಕ್ಕ ಟ್ರೆಕ್ ಮತ್ತ ಕ್ಯಾಂಪ್ ಜಾಗಾದಾಗ ರೋಪ್. ಹೆಡ್‌ಮಾಸ್ತರು ಸೇಫ್ಟಿ ಪ್ಲಾನ್ ಕೇಳಿದ್ರ ಭಾಳ ಮಂದಿ "ಎಲ್ಲಾ ಮುನ್ನೆಚ್ಚರಿಕೆ ತಗೊಳ್ತೀವಿ" ಅಂತ ಬರದ ಕೊಡ್ತಾರ, ಅದನ್ನ ಓದಿ ಯಾರಿಗೂ ಏನೂ ಮಾಡಾಕ ಬರಂಗಿಲ್ಲ. ನಾನು ಒಂದೊಂದು ಫಜೀತಿಗೆ ಒಂದೊಂದು ಪೇಜ್ ಇಡ್ತೀನಿ. ಅದರಾಗ ರ‍್ಯಾಪ್ಲಿಂಗ್ ಅಂದ್ರ ಹಗ್ಗದ ಮ್ಯಾಲೆ ಗೋಡಿ ಇಳಿಯೂದರ ಪೇಜ್ ಹೇಳ್ತೀನಿ ನೋಡ್ರಿ.

ಹಗ್ಗ ಹರಿಯೂದು ಅಪರೂಪ. ಹೆಚ್ಚಾಗಿ ಆಗೋದಂದ್ರ ಜಡಿ ಇಲ್ಲಾ ಟೀ-ಶರ್ಟ್ ತುದಿ, ಹಗ್ಗ ಹಾಯಿಸಿ ಇಳಿಯೋ ಎಂಟರ ಆಕಾರದ ಲೋಹದ ಬಳಿ ಫಿಗರ್ ಎಯ್ಟ್‌ನ್ಯಾಗ ಎಳಕೊಂಡು ಹುಡುಗಿ ನಡುವ ನಿಂತ ಬಿಡೋದು. ಮೈಭಾರ ಪೂರ್ತಿ ಅದರ ಮ್ಯಾಲೇ ಇರತೈತಿ, ಎಷ್ಟ ಜಗ್ಗಿದ್ರೂ ಬಿಡಂಗಿಲ್ಲ. ಚಾಕು ಅಂತೂ ಬ್ಯಾಡೇ ಬ್ಯಾಡ, ಭಾರ ಬಿದ್ದ ಹಗ್ಗಕ್ಕ ಅಲಗು ಸ್ವಲ್ಪ ತಾಗಿದ್ರೂ ಕತ್ತರಿಸಿ ಹೋಗತೈತಿ.

ಅದಕ್ಕ ಹುಡುಗಿ ಇಳಿಯೋ ಮೇನ್ ರೋಪನ್ನ ಮ್ಯಾಲೆ ಹಗ್ಗ ಕಟ್ಟೋ ಆಂಕರ್‌ಗೆ ಗಟ್ಟಿ ಗಂಟ ಹಾಕಂಗಿಲ್ಲ, ಮಂಟರ್ ಹಿಚ್ ಅನ್ನೋ ಜಾರೋ ಗಂಟ ಹಾಕಿ ಅದನ್ನ ಮ್ಯೂಲ್ ನಾಟ್‌ದಿಂದ ಲಾಕ್ ಮಾಡಿ ಬ್ಯಾಕಪ್ ಗಂಟ ಕೊಡ್ತೀವಿ, ಭಾರ ಇದ್ದಾಗೂ ಮ್ಯಾಲಿಂದ ಬಿಚ್ಚಬಹುದು. ಹುಡುಗಿ ಬೀಳದಂಗ ಮ್ಯಾಲಿಂದ ಹಿಡಿಯೋ ಎರಡನೇ ಹಗ್ಗ, ಬಿಲೇ ರೋಪ್, ಬ್ಯಾರೆ ಆಂಕರ್‌ಗೆ. ಪೇಜಿನ್ಯಾಗ ಬರದಿದ್ದು ಇಷ್ಟು: ಬಿಲೇ ಹಿಡದವ ಸಡಲ ಎಲ್ಲಾ ಜಗ್ಗಿ ಲಾಕ್ ಮಾಡಬೇಕು, ಎರಡನೇದವ ಮೇನ್ ರೋಪ್ ಮೆಲ್ಲಕ ಬಿಡಬೇಕು, ಭಾರ ಬಿಲೇಕ್ಕ ಬಂದ ಕೂಡ್ಲೆ ಫಿಗರ್ ಎಯ್ಟ್ ಸಡಲ ಆಗತೈತಿ, ಹುಡುಗಿ ತಾನ ಕೂದಲ ಬಿಡಿಸ್ಕೋತಾಳ. ಬಿಡಿಸಾಕ ಆಗ್ಲಿಲ್ಲಂದ್ರ ಎರಡೂ ಹಗ್ಗ ಕೂಡೇ ಬಿಟ್ಟು ನೆಲಕ್ಕ ಇಳಸೋದು. ತಳಗ ನಿಂತವ ಆಕಿ ಜೋಡಿ ಮಾತಾಡಕೋತ ಕಾಲ ಆಡಸಾಕ ಹೇಳಬೇಕು, ಯಾಕಂದ್ರ ಸೊಂಟಕ್ಕ ತೊಡಿಗೆ ಕಟ್ಟೋ ಪಟ್ಟಿ, ಹಾರ್ನೆಸ್‌ನ್ಯಾಗ ಅಲುಗಾಡದಂಗ ಜೋತ ಬಿದ್ರ ಎಚ್ಚರ ತಪ್ಪಬಹುದು. ಮಾತಿಗೆ ಉತ್ತರ ಬರಲಿಲ್ಲಂದ್ರ ಕೂದಲ-ಗೀದಲ ನೋಡಂಗಿಲ್ಲ, ಸೀದಾ ಇಳಿಸಿ 108ಕ್ಕ ಫೋನ್.

ಇಲ್ಲೆ ಒಂದ ಲೆಕ್ಕ ಐತಿ. ಗೋಡಿ 12 ಮೀಟರ್ ಇದ್ರ ಇಳಿಯಾಕ 12, ಮ್ಯಾಲಿಂದ ಬಿಡಾಕ ಮತ್ತ 12, ಗಂಟಿಗೆ ಎರಡ್ಮೂರು, ಅಂದ್ರ 30 ಮೀಟರಿನ ಹಗ್ಗ ಬೇಕು. 20 ಮೀಟರ್ ಹಗ್ಗ ಇಳಿಯಾಕ ಸಾಲತೈತಿ, ಆದ್ರ ಮ್ಯಾಲೆ ಸಾಕಷ್ಟು ಸ್ಟಾಕ್ ಉಳಿಯಂಗಿಲ್ಲ, ಬಿಡುವಾಗ ನಡುವ ಖಾಲಿ ಆಗತೈತಿ. ಉಳಿದ ಹಗ್ಗದ ತುದಿಗೂ ಒಂದ ಗಂಟ ಇರಬೇಕು.

ಹುಡುಗ್ರು ಬರೂಕ್ಕಿಂತ ಮುಂಚೆ 40 ಕೆಜಿ ಜೋಳದ ಚೀಲಕ್ಕ ಹಾರ್ನೆಸ್ ಕಟ್ಟಿ, ಫಿಗರ್ ಎಯ್ಟ್‌ಗೆ ಹಳೇ ಅರಿವಿ ತುರುಕಿ ಇದನ್ನ ಮಾಡಿ ನೋಡ್ತೀವ್ರಿ. ಪೇಜ್ ಓದಿ ಹೊಸಾ ಹುಡುಗನೂ ಚೀಲ ಇಳಸಬೇಕು, ಆತ ಎಲ್ಲಿ ತಡವರಸ್ತಾನೋ ಆ ಸಾಲು ತಿದ್ದಿ ಬರಿಯೋದು.

ಟ್ರೆಕ್ ಪೇಜ್ ಸಣ್ಣದು. ಕಪ್ಪತಗುಡ್ಡ ವನ್ಯಜೀವಿ ಧಾಮ, ಅರಣ್ಯ ಇಲಾಖೆ ಪರ್ಮಿಶನ್ ಇಲ್ಲದ ಹೋಗಂಗಿಲ್ಲ. ದಾರಿ ಮೊದಲ ನಾವ ನಡದು ಎಲ್ಲಿ ಯಾವ ಸಿಮ್ ಹತ್ತತೈತಿ, ಯಾವ ಜಾಗದಿಂದ ವಾಪಸ್ ಹೊಳ್ಳೂಕ್ಕಿಂತ ಮುಂದ ಹೋದ್ರ ರಸ್ತೆ ಹತ್ರ ಅಂತ ಬರದ ಇಡ್ತೀವಿ. ಕಾಲ ಮುರದ ಹುಡುಗನ್ನ ಹೊತ್ತು ತರಾಕ ಯಾವ ಕಡೆ ಹೋಗ್ಬೇಕು ಅಂತ ಅಲ್ಲೆ ನಿಂತ ವಾದ ಮಾಡಾಕ ಆಗಂಗಿಲ್ಲಲ್ರಿ.