ವಾರದ ಮೂಳೆ ಮಾತ್ರೆ, ದಿನದ ಕ್ಯಾಲ್ಸಿಯಂ: ಹೊತ್ತು ಹೊಂದಿಸುವ ಬಗೆ

ಶಿರಸಿಯ ನಮ್ಮ ಔಷಧಿ ಅಂಗಡಿಗೆ ಬರುವ ಚೀಟಿಗಳಲ್ಲಿ ಈ ಮೂರು ಹೆಚ್ಚಾಗಿ ಒಟ್ಟಿಗೇ ಇರುತ್ತವೆ: ವಾರಕ್ಕೊಂದು ಮೂಳೆ ಮಾತ್ರೆ ಅಲೆಂಡ್ರೊನೇಟ್ 70 ಮಿ.ಗ್ರಾಂ, ದಿನವೂ ಕ್ಯಾಲ್ಸಿಯಂ 500, ವಾರಕ್ಕೊಮ್ಮೆ 60 ಸಾವಿರ ಯೂನಿಟ್ಟಿನ ವಿಟಮಿನ್ ಡಿ. ಮೂರನ್ನೂ ಭಾನುವಾರ ಬೆಳಿಗ್ಗೆ ಒಂದೇ ಸಲ ನುಂಗಿಬಿಡುವವರಿದ್ದಾರೆ. ಹಾಗೆ ಮಾಡಿದರೆ ಅತಿ ಮುಖ್ಯವಾದ ಮಾತ್ರೆಯೇ ವ್ಯರ್ಥವಾಗುತ್ತದೆ.

ಅಲೆಂಡ್ರೊನೇಟ್ ಬರೀ ಹೊಟ್ಟೆಯಲ್ಲಿ ತೆಗೆದುಕೊಂಡರೂ ರಕ್ತಕ್ಕೆ ಸೇರುವುದು ನೂರರಲ್ಲಿ ಒಂದು ಪಾಲಿಗಿಂತ ಕಡಿಮೆ. ಹೊಟ್ಟೆಯಲ್ಲಿ ಕ್ಯಾಲ್ಸಿಯಂ ಸಿಕ್ಕರೆ ಅದಕ್ಕೇ ಅಂಟಿಕೊಂಡು ಮಲದಲ್ಲಿ ಹೊರಟುಹೋಗುತ್ತದೆ. ನಮ್ಮ ಕಡೆಯ ತೊಡಕು ಬೆಳಗಿನ ಕಷಾಯ. "ಹಾಲು ಹಾಕದೇ ಕುಡಿದ್ರೆ ಆಗ್ತದಾ?" ಎಂದು ಕೇಳುತ್ತಾರೆ. ಆಗುವುದಿಲ್ಲ ಅಮ್ಮಾ, ಕಪ್ಪು ಕಾಫಿ ಕೂಡ ಆ ಚೂರು ಪಾಲನ್ನು ಅರ್ಧಕ್ಕಿಂತ ಕೆಳಗಿಳಿಸುತ್ತದೆ ಎನ್ನುತ್ತೇನೆ. ಬರೀ ನೀರು, ಅದೂ ತುಂಬಿದ ಒಂದು ಲೋಟ.

ಹಳ್ಳಿಯಿಂದ ಬರುವ, ಐದೂವರೆಗೆ ಏಳುವ ಒಬ್ಬ ಅಜ್ಜಿಗೆ ನಾನು ಹೊಂದಿಸಿಕೊಟ್ಟದ್ದು ಹೀಗೆ. ಭಾನುವಾರ ಎದ್ದು ಮುಖ ತೊಳೆದ ಕೂಡಲೇ ಅಲೆಂಡ್ರೊನೇಟ್, ಜಗಿಯದೆ, ಚೀಪದೆ. ಆರೂ ಕಾಲಿನವರೆಗೆ ಏನನ್ನೂ ತಿನ್ನುವುದು, ಕುಡಿಯುವುದು, ಬೇರೆ ಮಾತ್ರೆ ನುಂಗುವುದು ಇಲ್ಲ. ಅರ್ಧ ಗಂಟೆ ಸಾಕು, ಮುಕ್ಕಾಲು ಇಟ್ಟದ್ದು ಗಡಿಯಾರ ನೋಡುವ ಗಡಿಬಿಡಿ ಬೇಡವೆಂದು. ಅಷ್ಟು ಹೊತ್ತೂ ಕೂತಿರಬೇಕು, ಇಲ್ಲವೇ ಓಡಾಡಬೇಕು. ಮತ್ತೆ ಮಲಗಿದರೆ, ಬಗ್ಗಿ ಅಂಗಳ ಗುಡಿಸಿದರೆ ಮಾತ್ರೆ ಅನ್ನನಾಳಕ್ಕೆ ಮರಳಿ ಒಳಗೋಡೆಯನ್ನು ಸುಡಬಹುದು. ಆಮೇಲೆ ಕಷಾಯ, ತೆಳ್ಳೇವು ಎಲ್ಲವೂ ಆಗಬಹುದು. ಕ್ಯಾಲ್ಸಿಯಂ ಮಧ್ಯಾಹ್ನದ ಊಟದ ಜೊತೆ. ಡಿ ಕ್ಯಾಪ್ಸೂಲ್ ಕೂಡ ಅದೇ ಊಟಕ್ಕೆ, ಏಕೆಂದರೆ ತುಪ್ಪ, ಎಣ್ಣೆಯ ಜೊತೆ ಅದು ಚೆನ್ನಾಗಿ ಹಿಡಿಯುತ್ತದೆ.

ಭಾನುವಾರ ಮಾತ್ರ ಕ್ಯಾಲ್ಸಿಯಂ ಹೊತ್ತು ಬದಲಿಸಿ ಎಂದು ನಾನು ಹೇಳುವುದಿಲ್ಲ, ಮರೆಯುತ್ತಾರೆ. ಏಳೂ ದಿನ ಮಧ್ಯಾಹ್ನವೇ ಇಡಿಸುತ್ತೇನೆ. ಕ್ಯಾಲ್ಸಿಯಂ ಕಾರ್ಬೊನೇಟ್ ಕರಗಲು ಊಟದ ಹೊತ್ತಿನ ಹೊಟ್ಟೆಯ ಆಮ್ಲ ಬೇಕು, ಹಾಗಾಗಿ ಅದಕ್ಕೂ ಇದೇ ಒಳ್ಳೆಯದು. ಬೆಳಿಗ್ಗೆ ಥೈರಾಯ್ಡ್ ಮಾತ್ರೆ ಇರುವವರಿಗೆ ಬೇಕಾದ ನಾಲ್ಕು ತಾಸಿನ ಅಂತರವೂ ತಾನಾಗಿ ಸಿಗುತ್ತದೆ. ದಿನಕ್ಕೆ ಎರಡು ಬರೆದಿದ್ದರೆ ಇನ್ನೊಂದು ರಾತ್ರಿ ಊಟಕ್ಕೆ. ಎರಡನ್ನೂ ಒಟ್ಟಿಗೆ ಬೇಡ, ಒಂದು ಸಲಕ್ಕೆ 500ಕ್ಕಿಂತ ಹೆಚ್ಚಾದರೆ ದೇಹ ಅಷ್ಟು ಚೆನ್ನಾಗಿ ಹೀರಿಕೊಳ್ಳುವುದಿಲ್ಲ.

ಭಾನುವಾರ ಅಲೆಂಡ್ರೊನೇಟ್ ಮರೆತರೆ ನೆನಪಾದ ಮರುದಿನ ಬೆಳಿಗ್ಗೆ ಒಂದು, ಮುಂದೆ ಮತ್ತೆ ಭಾನುವಾರವೇ. ಒಂದೇ ದಿನ ಎರಡು ಯಾವತ್ತೂ ಕೂಡದು. ಹೊತ್ತು ತಪ್ಪಿದ್ದು ಮೈಗೆ ಗೊತ್ತಾಗುವುದಿಲ್ಲ, ಕೆಲವು ವರ್ಷದ ನಂತರ ಮೂಳೆ ಸಾಂದ್ರತೆಯ ಸ್ಕ್ಯಾನಿನಲ್ಲಿ ಕಾಣಬಹುದು. ಅದಕ್ಕೇ ನಾಲ್ಕು ಮಾತ್ರೆಯ ಪಟ್ಟಿಯ ಹಿಂದೆ ನಾಲ್ಕು ಭಾನುವಾರದ ತಾರೀಖು ಬರೆದುಕೊಡುತ್ತೇನೆ. ಆದರೆ ನುಂಗುವಾಗ ನೋವು, ಎದೆಯ ನಡುವೆ ಹೊಸದಾಗಿ ಉರಿ ಬಂದರೆ ಮುಂದಿನ ಮಾತ್ರೆ ನಿಲ್ಲಿಸಿ ಡಾಕ್ಟರರನ್ನು ಕಾಣಬೇಕು. ಮೂತ್ರಪಿಂಡದ ತೊಂದರೆಯಿದ್ದರೆ, ರಕ್ತದಲ್ಲಿ ಕ್ಯಾಲ್ಸಿಯಂ ಕಡಿಮೆಯಿದ್ದರೆ ಶುರುಮಾಡುವ ಮೊದಲೇ ಅವರಿಗೆ ತಿಳಿಸಬೇಕು.