83ರಿಂದ ಶುರುವಾದ ಕಂಬಗಳು

2023ರ ಮೇ ತಿಂಗಳು, ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ. ಪತ್ರಿಕೆಯ ಗ್ರಾಫಿಕ್ಸ್ ಡೆಸ್ಕಿನಲ್ಲಿ ನನ್ನ ಕೈಗೆ ಬಂದದ್ದು ಎರಡೇ ಅಂಕಿ. 2022ರಲ್ಲಿ ಪಾಸಾದವರು ಶೇ 85.63, ಈ ಸಲ ಶೇ 83.89. ಎಕ್ಸೆಲ್‌ಗೆ ಹಾಕಿ ಕಂಬದ ಚಾರ್ಟ್ ಮಾಡಿದೆ. ಒಂದು ಎತ್ತರದ ಕಂಬ, ಪಕ್ಕದಲ್ಲಿ ಅದರ ಮೂರನೇ ಒಂದು ಭಾಗದಷ್ಟೇ ಎತ್ತರದ ಗಿಡ್ಡ ಕಂಬ ಬಂತು.

ಹಿಂದೆ ಹಾದುಹೋಗುತ್ತಿದ್ದ ಸಹೋದ್ಯೋಗಿಯೊಬ್ಬರು ನಿಂತರು. ಅವರ ಮಗಳೂ ಆ ವರ್ಷ ಪರೀಕ್ಷೆ ಬರೆದಿದ್ದಳು. "ಏನ್ರೀ ಇದು, ಈ ಸಲ ಇಷ್ಟೊಂದು ಮಕ್ಕಳು ಫೇಲಾ?" ಎಂದರು. ಅಂಕಿ ಕಂಬದ ತಲೆಯ ಮೇಲೇ ಇತ್ತು. ಆದರೂ ಅವರ ಕಣ್ಣು ಮೊದಲು ಓದಿದ್ದು ಎತ್ತರವನ್ನು. ಓದುಗರೂ ಹಾಗೇ ಓದುತ್ತಾರೆ, ಅಲ್ವಾ?

ಆಗ ಎಡಗಡೆಯ ಅಕ್ಷ ನೋಡಿದೆ. ಅದು 83ರಿಂದ ಶುರುವಾಗಿ 86ಕ್ಕೆ ಮುಗಿದಿತ್ತು. ಹಾಗಾಗಿ ಒಂದು ಕಂಬದ ಎತ್ತರ 2.63, ಇನ್ನೊಂದರದ್ದು 0.89. ನಾನು 83 ಅಂತ ಎಲ್ಲೂ ಬರೆದಿರಲಿಲ್ಲ. ದೊಡ್ಡ ಅಂಕಿಗೂ ಚಿಕ್ಕ ಅಂಕಿಗೂ ಇರುವ ಅಂತರ ದೊಡ್ಡದರ ಆರನೇ ಒಂದು ಭಾಗಕ್ಕಿಂತ ಕಡಿಮೆ ಇದ್ದರೆ ಎಕ್ಸೆಲ್ ತಾನೇ ಸೊನ್ನೆಯನ್ನು ಬಿಟ್ಟುಬಿಡುತ್ತದೆ. ಅಂದರೆ ಬದಲಾವಣೆ ಸಣ್ಣದಾಗಿದ್ದಾಗಲೇ ಅದು ಹಿಗ್ಗಿಸಿ ತೋರಿಸುತ್ತದೆ. ಸುದ್ದಿಮನೆಯಲ್ಲಿ ಇದಕ್ಕಿಂತ ಅಪಾಯದ ಸೆಟ್ಟಿಂಗ್ ನಾನು ಕಂಡಿಲ್ಲ.

`Format Axis` ತೆರೆದು `Minimum` ಜಾಗದಲ್ಲಿ 0, `Maximum` ಜಾಗದಲ್ಲಿ 100 ಹಾಕಿದೆ. ಕಂಬದಲ್ಲಿ ಉದ್ದವೇ ಅಂಕಿ. ಬುಡ ಕತ್ತರಿಸಿದರೆ ಉದ್ದ ಸುಳ್ಳಾಗುತ್ತದೆ. ಪುಟದಲ್ಲಿ 10 ಸೆಂಟಿಮೀಟರ್ ಎತ್ತರ ಕೊಟ್ಟರೆ ಈಗ ಒಂದು ಕಂಬ 8.56 ಸೆಂ.ಮೀ., ಇನ್ನೊಂದು 8.39 ಸೆಂ.ಮೀ. ವ್ಯತ್ಯಾಸ ಎರಡು ಮಿಲಿಮೀಟರ್ ಕೂಡ ಇಲ್ಲ.

ಇದು ಸತ್ಯ, ಆದರೆ ಪೂರ್ತಿ ಸತ್ಯ ಅಲ್ಲ. ಆ ವರ್ಷ ಪರೀಕ್ಷೆ ಬರೆದವರು 8.35 ಲಕ್ಷ ಮಕ್ಕಳು. ಅಷ್ಟು ಜನರಲ್ಲಿ 1.74 ಪರ್ಸೆಂಟೇಜ್ ಪಾಯಿಂಟ್ ಅಂದರೆ ಸುಮಾರು 14,500 ಮಕ್ಕಳು. ಎರಡು ಒಂದೇ ಥರದ ಕಂಬ ತೋರಿಸಿ ಅವರನ್ನು ಮರೆಸುವುದೂ ಸರಿಯಲ್ಲ. ಹಾಗಾಗಿ ಕಂಬಗಳನ್ನೇ ಬಿಟ್ಟೆ. ಓದುಗರು ಕೇಳುವುದು "ಎಷ್ಟು ಇಳಿಯಿತು" ಅಂತ ಮಾತ್ರ ಅಲ್ಲ, "ಇಷ್ಟು ಏರಿಳಿತ ಮಾಮೂಲಾ" ಅಂತಲೂ. ಎರಡು ವರ್ಷದ ಅಂಕಿ ಅದಕ್ಕೆ ಉತ್ತರ ಕೊಡುವುದಿಲ್ಲ.

2018ರಿಂದ ಅಂಕಿ ತೆಗೆದೆ: 71.93, 73.70, 71.80, ಆಮೇಲೆ 2021ರಲ್ಲಿ ಹೆಚ್ಚುಕಡಿಮೆ ನೂರು, ನಂತರ ನಮ್ಮ ಎರಡು. ಚುಕ್ಕಿ ಇಟ್ಟು ಗೆರೆ ಎಳೆಯಲು ಹೊರಟಾಗ ಇನ್ನೊಂದು ತೊಡಕು ಎದುರಾಯಿತು. 2021ರ ತುದಿಯಿಂದ ನೋಡಿದರೆ ಎರಡು ವರ್ಷ ಬರೀ ಜಾರುವಿಕೆ ಕಾಣುತ್ತದೆ. ಆದರೆ 2021 ಕೋವಿಡ್ ವರ್ಷ. ಬಹು ಆಯ್ಕೆ ಪ್ರಶ್ನೆಗಳ ಪರೀಕ್ಷೆ ಎರಡೇ ದಿನದಲ್ಲಿ ಮುಗಿದಿತ್ತು. ಅದನ್ನು ಬೇರೆ ವರ್ಷಗಳ ಜೊತೆ ಗೆರೆಯಲ್ಲಿ ಕಟ್ಟುವುದು ತಪ್ಪು. ಆ ಚುಕ್ಕಿಯನ್ನು ಟೊಳ್ಳಾಗಿ ಬಿಟ್ಟೆ, ಗೆರೆಯನ್ನು ಅಲ್ಲಿ ಕಡಿದೆ, ಪಕ್ಕದಲ್ಲೇ ಕಾರಣ ಬರೆದೆ. ಅಡಿಟಿಪ್ಪಣಿಯಲ್ಲಿ ಹಾಕಿದರೆ ಯಾರೂ ಓದುವುದಿಲ್ಲ.

ಗೆರೆಯ ಚಾರ್ಟಿಗೆ ಸೊನ್ನೆ ಕಡ್ಡಾಯ ಅಲ್ಲ. ಅಲ್ಲಿ ಕಣ್ಣು ಉದ್ದವನ್ನಲ್ಲ, ಇಳಿಜಾರನ್ನು ಓದುತ್ತದೆ. ಅದಕ್ಕೆ ಅಕ್ಷವನ್ನು 60ರಿಂದ 100 ಇಟ್ಟೆ, 60 ಅನ್ನುವುದನ್ನು ದಪ್ಪ ಅಕ್ಷರದಲ್ಲಿ ಕಾಣಿಸಿದೆ. ಹಿಂದಿನ ವರ್ಷಗಳ ಏರಿಳಿತ ಪೂರ್ತಿ ಹಿಡಿಸುವಷ್ಟು ಜಾಗ, ಅದಕ್ಕಿಂತ ಸ್ವಲ್ಪ ಜಾಸ್ತಿ. ಅಗಲವೂ ಮುಖ್ಯ. ಪುಟ ಮಾಡುವವರು ಒಂದೇ ಕಾಲಂ ಕೊಡ್ತೀನಿ ಎಂದರು. ಅಷ್ಟು ಕಿರಿದಾದರೆ ಅದೇ ಇಳಿಕೆ ಕಡಿದಾದ ಬೆಟ್ಟದಂತೆ ಕಾಣುತ್ತದೆ. ಎರಡು ಕಾಲಂ ಕೇಳಿ ತೆಗೆದುಕೊಂಡೆ.

ಶೀರ್ಷಿಕೆಗೆ "ಕುಸಿತ" ಎಂದು ಬಂದಿತ್ತು. "ಅಲ್ಪ ಇಳಿಕೆ, 14,500 ಮಕ್ಕಳಷ್ಟು ವ್ಯತ್ಯಾಸ" ಎಂದು ಬದಲಾಯಿಸಿದೆವು.

ಅದೇ ಚಾರ್ಟನ್ನು ಹಾಗೇ ಉಳಿಸಿಕೊಂಡೆ. 2024ರಲ್ಲಿ ಫಲಿತಾಂಶ 73.40ಕ್ಕೆ ಬಂತು. ಹೊಸ ಚುಕ್ಕಿ ಇಟ್ಟೆ. ಅಕ್ಷ ಮುಟ್ಟಲಿಲ್ಲ. ಗೆರೆ ಧುತ್ತನೆ ಕೆಳಗೆ ಹೋಯಿತು. ಆ ವರ್ಷ ನಕಲು ತಡೆಯಲು ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂದಿತ್ತು. ಕೃಪಾಂಕವನ್ನು ಹೆಚ್ಚಿಸಿದ ಮೇಲೂ ಫಲಿತಾಂಶ ಇಷ್ಟಕ್ಕೇ ನಿಂತಿತ್ತು. ಅವೆರಡನ್ನೂ ಚುಕ್ಕಿಯ ಪಕ್ಕ ಬರೆದೆ. ಈ ಸಲ "ಕುಸಿತ" ಎಂಬ ಪದವನ್ನು ತೆಗೆಯಲಿಲ್ಲ.